ತಟ್ಟೆಗೆ ಹುಳಿ, ಅರಿವಿಗೆ ಸೋಡಾ: ಇಡ್ಲಿ ಸಾಮಾನಿನ ಕಲೆ ತೆಗೆಯುವ ಬಗೆ

ಪ್ರಶ್ನೆ: ಮೇಡಂ, ವಿಜಯಪುರದಲ್ಲಿ ಹೊಸ ಮನೆಗೆ ಬಂದು ಆರು ತಿಂಗಳಾಯ್ತು. ಇಲ್ಲಿ ಬರೀ ಬೋರ್ ನೀರು. ನನ್ನ ಅಲ್ಯೂಮಿನಿಯಂ ಇಡ್ಲಿ ತಟ್ಟೆ ನಾಲ್ಕೂ ಕರ್ರಗಾಗಿವೆ. ಅಡುಗೆ ಸೋಡಾ ಹಾಕಿ ಕುದಿಸಿದೆ, ಇನ್ನಷ್ಟು ಕಪ್ಪಾದವು. ಇಡ್ಲಿ ಅರಿವಿ ಹಳದಿಯಾಗಿ ತಗಡಿನ ಹಾಗೆ ಸೆಟೆದುಕೊಂಡಿದೆ. ಕುಕ್ಕರ್ ಮುಚ್ಚಳದ ಅಂಚಿನೊಳಗೆ ಕಂದು ಜಿಡ್ಡು ಕೂತಿದೆ, ಎಷ್ಟು ತಿಕ್ಕಿದರೂ ಹೋಗ್ತಿಲ್ಲ. ಎಲ್ಲಾ ಹೊಸದು ತರಬೇಕಾ?

ಉತ್ತರ: ತರಬೇಡಿ. ತಟ್ಟೆಯೂ ಮುಚ್ಚಳವೂ ಸರಿಹೋಗುತ್ತವೆ. ಅರಿವಿ ಮಾತ್ರ ಒಮ್ಮೆ ತೊಳೆದು ನೋಡಿ ತೀರ್ಮಾನ ಮಾಡೋಣ.

ಮೊದಲು ಸೋಡಾ ವಿಷಯ. ಇದನ್ನು ನೀವೊಬ್ಬರೇ ಅಲ್ಲ, ಬಹಳ ಜನ ಮಾಡುತ್ತಾರೆ. ಸೋಡಾ ಎಲ್ಲ ಕೊಳೆಗೂ ಮದ್ದು ಅಂತ ಒಂದು ನಂಬಿಕೆ ಇದೆ. ಸ್ಟೀಲ್ ಪಾತ್ರೆಗೆ, ಹತ್ತಿ ಬಟ್ಟೆಗೆ ಅದು ನಿಜವೇ. ಅಲ್ಯೂಮಿನಿಯಂಗೆ ಮಾತ್ರ ಆಗಿಬರುವುದಿಲ್ಲ. ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪದರ ಇರುತ್ತದೆ. ಗಾಳಿ ತಾಗಿ ತಾನೇ ಆಗುವ ಪದರ ಅದು, ಲೋಹವನ್ನು ಕಾಯುವುದೂ ಅದೇ. ಅಡುಗೆ ಸೋಡಾ ನೀರಿನಲ್ಲಿ ಕುದಿಯುತ್ತಾ ಹೋದಂತೆ ನಿಧಾನಕ್ಕೆ ವಾಷಿಂಗ್ ಸೋಡಾ ಆಗುತ್ತದೆ, ಅಂದರೆ ಇನ್ನೂ ಖಾರ ಆಗುತ್ತದೆ. ಆ ನೀರು ಪದರವನ್ನು ಕರಗಿಸಿ ಒಳಗಿನ ಲೋಹವನ್ನೂ ಸ್ವಲ್ಪ ತಿನ್ನುತ್ತದೆ. ಲೋಹದಲ್ಲಿ ಚೂರುಪಾರು ಬೆರೆತಿರುವ ಕಬ್ಬಿಣದಂಥ ವಸ್ತು ಕರಗದೆ ಮೇಲೆ ಉಳಿಯುತ್ತದೆ. ನಿಮಗೆ ಕಾಣುತ್ತಿರುವ ಹೊಸ ಕಪ್ಪಿನಲ್ಲಿ ಬಹುಪಾಲು ಅದೇ. ಒಣ ಬಿಳಿ ಬಟ್ಟೆಯಿಂದ ತಟ್ಟೆ ಒರೆಸಿ ನೋಡಿ, ಮಸಿ ಹತ್ತುತ್ತದೆ.

ಹಾಗಾದರೆ ಸೋಡಾ ಹಾಕುವ ಮೊದಲೇ ಕಪ್ಪಾಗಿದ್ದು ಯಾಕೆ? ಅದಕ್ಕೆ ನಿಮ್ಮ ಬೋರ್ ನೀರು ಕಾರಣ. ನಮ್ಮ ಕಡೆ ಬೋರ್ ನೀರು ಬಹಳ ಕಡೆ ಗಡಸು. ಸುಣ್ಣದ ಅಂಶ ಅದರಲ್ಲಿ ಕರಗಿ ಕೂತಿರುತ್ತದೆ. ನೀರು ಕುದಿದಾಗ ಅದೇ ಸುಣ್ಣ ಬಿಳಿ ಪುಡಿಯಾಗಿ ಹೊರಬಂದು ಪಾತ್ರೆಗೆ ಅಂಟುತ್ತದೆ. ಜೊತೆಗೆ, ಕುದಿಯುತ್ತಾ ನೀರು ಸ್ವಲ್ಪ ಸ್ವಲ್ಪವೇ ಸೋಡಾ ನೀರಿನ ಗುಣಕ್ಕೆ ತಿರುಗುತ್ತದೆ. ಅಂದರೆ ನೀವು ಸೋಡಾ ಹಾಕದಿದ್ದರೂ ಇಡ್ಲಿ ಪಾತ್ರೆಯ ತಳದಲ್ಲಿ ದಿನಾ ಸಣ್ಣ ಪ್ರಮಾಣದಲ್ಲಿ ಅದೇ ಕೆಲಸ ನಡೆಯುತ್ತಿದೆ.

ಇಲ್ಲಿ ಒಂದು ಗುಟ್ಟಿದೆ. ನಾಲ್ಕೂ ತಟ್ಟೆ ಒಂದೇ ಸಮ ಕಪ್ಪಾಗಿವೆಯಾ, ಇಲ್ಲಾ ಕೆಳಗಿನದು ಜಾಸ್ತಿಯಾ? ಬಿಡಿಸಿ ಪಕ್ಕಪಕ್ಕ ಇಟ್ಟು, ಮಗುಚಿ ನೋಡಿ. ಹಬೆಯಲ್ಲಿ ಸುಣ್ಣ ಇರುವುದಿಲ್ಲ, ಅದು ಶುದ್ಧ ನೀರು. ಸುಣ್ಣ ಮೇಲೆ ಬರುವುದು ಕುದಿಯುವ ನೀರು ಸಿಡಿದಾಗ ಮಾತ್ರ. ಆದ್ದರಿಂದ ಎಲ್ಲಕ್ಕಿಂತ ಕೆಳಗಿನ ತಟ್ಟೆಯ ಬೆನ್ನು ಬಿಳಿ ಕಟ್ಟಿ ಕಪ್ಪಾಗಿ, ಮೇಲಿನವು ಅಷ್ಟೊಂದು ಇಲ್ಲದಿದ್ದರೆ, ನೀವು ನೀರು ಜಾಸ್ತಿ ಹಾಕುತ್ತಿದ್ದೀರಿ ಅಥವಾ ಉರಿ ಜೋರಾಗಿದೆ. ಕೆಳಗಿನ ತಟ್ಟೆಗೂ ನೀರಿಗೂ ಎರಡು ಬೆರಳು ಅಂತರ ಬೇಕು. ಮೇಲಿನ ತಟ್ಟೆಗಳೂ ಅಷ್ಟೇ ಕರ್ರಗಿದ್ದರೆ ತಪ್ಪು ಬೇಯಿಸುವುದರಲ್ಲಿ ಇಲ್ಲ, ತೊಳೆಯುವುದರಲ್ಲಿದೆ. ಸೋಡಾ, ಖಾರದ ಸಾಬೂನು ಪುಡಿ, ಇಲ್ಲಾ ತೊಳೆದ ಮೇಲೆ ಒರೆಸದೆ ಗಡಸು ನೀರು ತಟ್ಟೆಯ ಮೇಲೇ ಆರಲು ಬಿಡುವುದು, ಇವೇ ಕಾರಣ.

ಇನ್ನು ತೊಳೆಯುವ ಕ್ರಮ. ನಾಲ್ಕು ತಟ್ಟೆಯ ಒಂದು ಸೆಟ್ಟಿಗೆ ಹೇಳುತ್ತೇನೆ.

ಮೊದಲು ತಟ್ಟೆಗಳನ್ನು ಕಡ್ಡಿಯಿಂದ ಬಿಡಿಸಿ, ಬರೀ ತಣ್ಣೀರಿನಲ್ಲಿ ಅರ್ಧ ತಾಸು ನೆನೆ ಹಾಕಿ. ಒಣಗಿದ ಹಿಟ್ಟು ಉಬ್ಬಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ತೂತುಗಳಲ್ಲಿ ಸಿಕ್ಕಿದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ನೂಕಿ. ಈ ಕೆಲಸ ಬಿಟ್ಟು ಸೀದಾ ಹುಳಿ ನೀರಿಗೆ ಹಾಕಿದರೆ ಹಿಟ್ಟಿನ ಕೆಳಗಿರುವ ಕಪ್ಪಿಗೆ ಹುಳಿ ತಾಗುವುದೇ ಇಲ್ಲ. ಆಮೇಲೆ ತಟ್ಟೆ ಹುಲಿಯ ಮೈ ಆಯಿತು ಅಂತ ನನಗೇ ಕಾಗದ ಬರೆಯುತ್ತೀರಿ.

ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎಣ್ಣೆ ಜಿಡ್ಡು ತೆಗೆಯಿರಿ. ಗುಂಡಿಗಳ ಅಂಚಿನಲ್ಲಿ ಕಂದು ಬಣ್ಣದ, ಕೈಗೆ ಸ್ವಲ್ಪ ಅಂಟು ಅನಿಸುವ ಪದರ ಇದ್ದರೆ ಅದು ಹಳೆಯ ಎಣ್ಣೆ. ಕುಸುಬಿ ಎಣ್ಣೆ ಸವರುವ ಮನೆಗಳಲ್ಲಿ ಇದು ಜಾಸ್ತಿ. ಕುಸುಬಿ ಗಾಳಿಗೆ ಬೇಗ ಒಣಗಿ ಗಟ್ಟಿಯಾಗುವ ಎಣ್ಣೆ. ಹಿಂದೆ ಬಣ್ಣ, ವಾರ್ನಿಷ್ ಮಾಡಲಿಕ್ಕೂ ಅದನ್ನು ಬಳಸುತ್ತಿದ್ದರು. ತೆಳುವಾಗಿ ಸವರಿದ್ದು ದಿನಾ ಪೂರ್ತಿ ಹೋಗದೆ ಉಳಿದರೆ ಮೆರುಗೆಣ್ಣೆ ಹಚ್ಚಿದಂತೆಯೇ ಆಗುತ್ತದೆ. ಶೇಂಗಾ ಎಣ್ಣೆ ಇಷ್ಟು ಬೇಗ ಒಣಗುವುದಿಲ್ಲ, ತುಪ್ಪ ಇನ್ನೂ ಕಮ್ಮಿ. ಅಡುಗೆಗೆ ಕುಸುಬಿ ಇರಲಿ, ತಟ್ಟೆಗೆ ಶೇಂಗಾ ಎಣ್ಣೆಯೋ ತುಪ್ಪವೋ ಸವರಿ. ಈಗ ಕೂತಿರುವ ಪದರಕ್ಕೆ ಲಿಕ್ವಿಡ್ಡನ್ನು ನೀರು ಬೆರೆಸದೆ ಹಚ್ಚಿ, ಮೇಲೆ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಮುಚ್ಚಿ ಅರ್ಧ ತಾಸು ಬಿಡಿ. ನಂತರ ಪ್ಲಾಸ್ಟಿಕ್ ನಾರಿನಿಂದ ತಿಕ್ಕಿ. ಒಂದೇ ಸಲಕ್ಕೆ ಎಲ್ಲಾ ಬರುವುದಿಲ್ಲ. ಮಾರನೇ ದಿನ ಮತ್ತೊಮ್ಮೆ ಮಾಡಿ, ತಂತಿ ಬ್ರಷ್ ಮಾತ್ರ ಹಿಡಿಯಬೇಡಿ. ತಂತಿ ಗೀರಿದ ಗೆರೆಗಳಲ್ಲಿ ನಾಳೆಯ ಹಿಟ್ಟು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಈಗ ಹುಳಿ. ತಟ್ಟೆಗಳು ಮುಳುಗುವಷ್ಟು ದೊಡ್ಡ ಸ್ಟೀಲ್ ಪಾತ್ರೆ ತಗೊಳ್ಳಿ. ನೀರು ಅಳೆದು ಹಾಕಿ, ಪ್ರತಿ ಲೀಟರಿಗೆ ಎರಡು ಚಹಾ ಚಮಚ ಸಿಟ್ರಿಕ್ ಆಸಿಡ್ ಪುಡಿ. ಕಿರಾಣಿ ಅಂಗಡಿಯಲ್ಲಿ ಲಿಂಬು ಸತ್ವ ಅಂತ ಕೇಳಿದರೂ ಕೊಡುತ್ತಾರೆ. ಅದು ಸಿಗದಿದ್ದರೆ ಲೀಟರಿಗೆ ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣು ಕಿವುಚಿ ಹಾಕಿ. ಇಂಡಿ ಕಡೆಯಿಂದ ನಿಂಬೆ ಬುಟ್ಟಿಗಟ್ಟಲೆ ಬರುವ ಊರು ನಮ್ಮದು. ರಸ ಹಿಂಡಿದ ಏಳೆಂಟು ಹೋಳುಗಳನ್ನು ಎಸೆಯದೆ ಇದಕ್ಕೇ ಬಳಸಬಹುದು, ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೇ. ಉಪ್ಪು ಹಾಕಬೇಡಿ. ನಿಂಬೆ ಜೊತೆ ಉಪ್ಪು ತಾಮ್ರ ಹಿತ್ತಾಳೆಗೆ ಒಳ್ಳೆಯದು, ಅಲ್ಯೂಮಿನಿಯಂಗೆ ಹಾಕಿದರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ.

ನೀರು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ತಟ್ಟೆ ಇಳಿಸಿ. ಬಿಳಿ ಪೊರೆ ಇದ್ದ ಕಡೆಯಿಂದ ಸಣ್ಣ ಗುಳ್ಳೆ ಸಾಲಾಗಿ ಏಳುತ್ತವೆ, ಅದು ಸುಣ್ಣ ಕರಗುವ ಗುರುತು. ಗುಳ್ಳೆ ನಿಂತರೆ ಅಲ್ಲಿ ಸುಣ್ಣ ಮುಗಿಯಿತು, ಇಲ್ಲಾ ಹುಳಿ ಮುಗಿಯಿತು ಅಂತ ಅರ್ಥ. ಬಿಳಿ ಇನ್ನೂ ಉಳಿದಿದ್ದರೆ ಒಂದು ಚಮಚ ಪುಡಿ ಮತ್ತೆ ಹಾಕಿ. ಹತ್ತು ನಿಮಿಷಕ್ಕೆ ಒಂದು ತಟ್ಟೆ ಎತ್ತಿ ನೋಡಿ. ಕಪ್ಪು ಬೂದು ಬಣ್ಣಕ್ಕೆ ತಿರುಗಿ, ಬೆರಳಿಂದ ಉಜ್ಜಿದರೆ ಬೆಳ್ಳಗಿನ ಲೋಹ ಕಾಣಬೇಕು. ಕಂಡರೆ ತೆಗೆದುಬಿಡಿ. ಇಲ್ಲದಿದ್ದರೆ ಇನ್ನೊಂದು ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ರಾತ್ರಿಯಿಡೀ ಹುಳಿಯಲ್ಲಿ ನೆನೆ ಹಾಕಿ ಮಲಗಿಬಿಟ್ಟರೆ ಬೆಳಿಗ್ಗೆ ತಟ್ಟೆ ಬೆಳ್ಳಗಿರುತ್ತದೆ, ಆದರೆ ಮುಟ್ಟಿದರೆ ಮರಳು ಕಾಗದ ಮುಟ್ಟಿದ ಹಾಗಿರುತ್ತದೆ. ಹುಳಿಯೂ ಲೋಹವನ್ನು ತಿನ್ನುತ್ತದಲ್ವಾ, ನಿಧಾನಕ್ಕೆ ಅಷ್ಟೇ.

ತೆಗೆದ ಮೇಲೆ ಮೆತ್ತಗಿನ ನಾರಿನಿಂದ ಒಮ್ಮೆ ತಿಕ್ಕಿ, ಎರಡು ಸಲ ನೀರು ಬದಲಿಸಿ ತೊಳೆದು, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಈ ಒರೆಸುವ ಕೆಲಸವನ್ನು ಸುಮ್ನೆ ಹೇಳುತ್ತಿಲ್ಲ. ಗಡಸು ನೀರು ತಟ್ಟೆಯ ಮೇಲೆ ಆರಿದ ಪ್ರತಿ ಹನಿಯೂ ಒಂದು ಬಿಳಿ ಚುಕ್ಕೆ. ಮೊದಲ ಸಲ ತಟ್ಟೆ ಹೊಸದರಂತೆ ಫಳಫಳ ಆಗುವುದಿಲ್ಲ, ಮಂಕು ಬೆಳ್ಳಿಯ ಬಣ್ಣ ಬರುತ್ತದೆ. ಅಷ್ಟು ಸಾಕು. ಬಿಳಿ ಬಟ್ಟೆಗೆ ಮಸಿ ಹತ್ತುವುದು ನಿಂತರೆ ತಟ್ಟೆ ಬಳಕೆಗೆ ಸರಿ. ಮಸಿ ಹತ್ತುತ್ತಿರುವಾಗ ಮಾತ್ರ ಅದರಲ್ಲಿ ಇಡ್ಲಿ ಹಾಕಬೇಡಿ.

ಎರಡು ಎಚ್ಚರಿಕೆ. ಬಚ್ಚಲು ತೊಳೆಯುವ ಆಸಿಡ್ ಇದಕ್ಕೆ ಬೇಡವೇ ಬೇಡ. ಅಲ್ಯೂಮಿನಿಯಂ ಜೊತೆ ಅದು ಬುಸುಗುಟ್ಟಿ ಬೆಂಕಿ ಹತ್ತುವ ಗ್ಯಾಸ್ ಬಿಡುತ್ತದೆ, ತಟ್ಟೆಯೂ ತೂತಾಗುತ್ತದೆ. ಇನ್ನೊಂದು, ಅಂಗಡಿಯಿಂದ ತರುವಾಗಲೇ ಕಪ್ಪಗಿದ್ದ ಗಟ್ಟಿ ಲೇಪದ ಕುಕ್ಕರ್ ಬರುತ್ತದಲ್ವಾ, ಹಾರ್ಡ್ ಆನೊಡೈಸ್ಡ್ ಅಂತಾರೆ. ಅದರ ಕಪ್ಪು ಕೊಳೆ ಅಲ್ಲ, ಅದೇ ಅದರ ಬಣ್ಣ. ಅದಕ್ಕೆ ಈ ಹುಳಿ ಕುದಿಸುವ ಉಪಾಯ ಮಾಡಬೇಡಿ.

ಮತ್ತೆ ಕಪ್ಪಾಗದಿರಲು ಇಡ್ಲಿ ಪಾತ್ರೆಯ ತಳದ ನೀರಿಗೆ ದಿನಾ ಒಂದು ನಿಂಬೆ ಹೋಳು ಅಥವಾ ಚೂರು ಹುಣಸೆ ಹಾಕಿ. ಹಿರಿಯರು ಮಾಡುತ್ತಿದ್ದುದೇ ಇದು. ನೀರು ಸೋಡಾ ಗುಣಕ್ಕೆ ತಿರುಗುವುದನ್ನು ಹುಳಿ ತಡೆಯುತ್ತದೆ, ಇಡ್ಲಿಗೆ ರುಚಿ ತಾಗುವುದಿಲ್ಲ. ಮನೆಯಲ್ಲಿ ಆರ್‌ಓ ಫಿಲ್ಟರ್ ಇದ್ದರೆ ತಳಕ್ಕೆ ಆ ಶುದ್ಧ ನೀರನ್ನೇ ಹಾಕಿ, ಎರಡು ಮೂರು ಲೋಟ ಸಾಕಲ್ವಾ. ಫಿಲ್ಟರಿನ ಇನ್ನೊಂದು ಪೈಪಿನಿಂದ ಹೊರಹೋಗುವ ನೀರನ್ನು ಕೆಲವರು ಹಿಡಿದಿಟ್ಟು ಭಾಂಡೆ ತಿಕ್ಕಲು, ಇಡ್ಲಿ ಪಾತ್ರೆಯ ತಳಕ್ಕೆ ಬಳಸುತ್ತಾರೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಫಿಲ್ಟರ್ ಬೇರ್ಪಡಿಸಿದ ಸುಣ್ಣವೆಲ್ಲ ಆ ನೀರಿನಲ್ಲೇ ಇರುತ್ತದೆ, ಬೋರ್ ನೀರಿಗಿಂತಲೂ ಗಡಸು. ಅದು ನೆಲ ಒರೆಸಲು, ಪಾಯಿಖಾನೆಗೆ ಇರಲಿ.

ಅರಿವಿಯ ಕಥೆ ತಟ್ಟೆಗೆ ಪೂರ್ತಿ ಉಲ್ಟಾ. ಇಲ್ಲಿ ಸೋಡಾ ಬೇಕು, ಹುಳಿ ಕೊನೆಗೆ ಬರುತ್ತದೆ.

ಅರಿವಿ ಸೆಟೆಯುವುದು ಹಿಟ್ಟಿನಿಂದ ಮಾತ್ರ ಅಲ್ಲ. ನೀವು ಬಟ್ಟೆ ಸಾಬೂನಿನ ಬಿಲ್ಲೆ ಹಚ್ಚಿ ತೊಳೆಯುತ್ತಿದ್ದೀರಿ ಅಂತ ನನ್ನ ಊಹೆ. ಗಡಸು ನೀರಲ್ಲಿ ಸಾಬೂನು ನೊರೆ ಬರುವ ಬದಲು ಸುಣ್ಣದ ಜೊತೆ ಸೇರಿ ಮೊಸರು ಒಡೆದಂತೆ ಗಂಟು ಗಂಟಾಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಬೂದು ಕೆಸರು ಅದೇ. ಅದು ನೂಲಿನ ಸಂದಿಯಲ್ಲಿ ಕೂತು, ಜೊತೆಗೆ ಹಿಟ್ಟೂ ಎಣ್ಣೆಯೂ ಸೇರಿ, ಅರಿವಿ ಹಳದಿಯಾಗಿ ಬಿರುಸಾಗುತ್ತದೆ. ಹಬೆ ಸರಿಯಾಗಿ ದಾಟುವುದಿಲ್ಲ, ಇಡ್ಲಿ ಅಡಿ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಹಿಟ್ಟು ಸರಿ ಇಲ್ಲ ಅಂತ ನಾವು ಉದ್ದಿನಬೇಳೆಯನ್ನು ಬೈಯುತ್ತಾ ಕೂರುತ್ತೇವೆ.

ಇಡ್ಲಿ ತೆಗೆದ ಕೂಡಲೇ ಅರಿವಿಯನ್ನು ಬರೀ ತಣ್ಣೀರಲ್ಲಿ ಹಾಕಿಬಿಡಿ. ಒಣಗಲು ಬಿಟ್ಟರೆ ಬೆಂದ ಹಿಟ್ಟು ಅಂಟಿನಂತೆ ಗಟ್ಟಿಯಾಗುತ್ತದೆ. ಹತ್ತು ನಿಮಿಷ ಬಿಟ್ಟು ಎರಡು ಕೈಯಲ್ಲಿ ಉಜ್ಜಿದರೆ ಬೇಗ ಬಿಡುತ್ತದೆ. ವಾರಕ್ಕೊಮ್ಮೆ ಸ್ಟೀಲ್ ಪಾತ್ರೆಯಲ್ಲಿ ಎರಡು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಹದಿನೈದು ನಿಮಿಷ ಕುದಿಸಿ. ಪಾತ್ರೆ ಸ್ಟೀಲೇ ಇರಲಿ. ಇದೇ ಕೆಲಸಕ್ಕೆ ಅಲ್ಯೂಮಿನಿಯಂ ಬೋಗುಣಿ ಇಟ್ಟರೆ ಮತ್ತೆ ಮೊದಲಿನ ಗೋಳು. ನೀರು ಹಳದಿ ಮಿಶ್ರಿತ ಕಂದಾಗುತ್ತದೆ, ಗಾಬರಿ ಬೇಡ, ಹಳೆಯ ಎಣ್ಣೆ ಮತ್ತು ಹಿಟ್ಟು ಬಿಡುತ್ತಿದೆ. ಆರಿದ ಮೇಲೆ ಕೋಲಿನಿಂದ ಎತ್ತಿ ಚೆನ್ನಾಗಿ ಜಾಲಿಸಿ. ವಾಷಿಂಗ್ ಸೋಡಾ ಕೈಯ ಚರ್ಮ ಸುಲಿಸುತ್ತದೆ, ಕೈಗವಸು ಇದ್ದರೆ ಹಾಕಿಕೊಳ್ಳಿ.

ಕೊನೆಯ ನೀರು ಹುಳಿಯದು. ಉಗುರುಬೆಚ್ಚಗಿನ ಒಂದು ಲೀಟರ್ ನೀರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್ ಹಾಕಿ ಅರಿವಿಯನ್ನು ಅರ್ಧ ತಾಸು ಬಿಡಿ. ನೂಲಿನಲ್ಲಿ ಕೂತ ಸುಣ್ಣವೂ ಉಳಿದ ಸೋಡಾವೂ ಕರಗಿ ಹೋಗುತ್ತವೆ. ಬೋರ್ ನೀರಿನಿಂದ ಬಂದ ತುಕ್ಕಿನ ಕೆಂಪು ಕಲೆ ಇದ್ದರೆ ಅದೂ ಇಲ್ಲೇ ತಿಳಿಯಾಗುತ್ತದೆ. ತುಕ್ಕಿಗೆ ಬ್ಲೀಚಿಂಗ್ ನೀರು ಹಾಕಿದರೆ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಮುಖ್ಯವಾಗಿ, ಬ್ಲೀಚಿಂಗ್ ನೀರೂ ಹುಳಿಯೂ ಒಂದೇ ಬಕೆಟ್ಟಿನಲ್ಲಿ ಯಾವತ್ತೂ ಸೇರಬಾರದು. ವಿಷದ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ. ಆಮೇಲೆ ಒಳ್ಳೆಯ ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿ. ನಮ್ಮ ಊರಲ್ಲಿ ಬಿಸಿಲಿಗೆ ಬರ ಇಲ್ಲವಲ್ಲ. ಒಣಗಿದ ಅರಿವಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಡಿ. ಮೆತ್ತಗೆ ಬಿಚ್ಚಿಕೊಂಡರೆ ಸುಣ್ಣ ಹೋಗಿದೆ. ಮುದುಡಿದ ಹಾಗೇ ಉಳಿದರೆ ಹುಳಿ ನೀರು ಇನ್ನೊಮ್ಮೆ ಬೇಕು. ವಾಸನೆ ಬರುವ ಬಟ್ಟೆ ಪುಡಿ, ಕಂಫರ್ಟಿನಂಥ ದ್ರವ ಇದಕ್ಕೆ ಹಾಕಬೇಡಿ, ಮಲ್ಲಿಗೆ ವಾಸನೆಯ ಇಡ್ಲಿ ಯಾರಿಗೂ ಬೇಡ.

ಸೂಜಿ ಮೊನೆಯಷ್ಟು ಕರಿ ಚುಕ್ಕೆಗಳು ಗುಂಪಾಗಿ ಕಂಡರೆ ಅದು ಬೂಷ್ಟು. ಒದ್ದೆ ಅರಿವಿಯನ್ನು ಮಡಚಿ ಇಟ್ಟಾಗ ಬರುತ್ತದೆ, ನೂಲಿನೊಳಗೇ ಇಳಿದಿರುತ್ತದೆ. ಕುದಿಸಿದ ಮೇಲೂ ಚುಕ್ಕೆಯೋ ಮುಗ್ಗಲು ವಾಸನೆಯೋ ಉಳಿದರೆ ಅದನ್ನು ಒಲೆ ಒರೆಸಲು ಇಟ್ಟುಕೊಂಡು, ಹಳೆಯ ಹತ್ತಿ ಧೋತರದಿಂದ ಹೊಸ ತುಂಡು ಹರಿಯಿರಿ. ಅಂಗಡಿಯಿಂದ ಹೊಸ ಬಟ್ಟೆ ತಂದರೆ ಅದರ ಗಂಜಿ ಹೋಗಲು ಒಮ್ಮೆ ಕುದಿಸಿ ಬಳಸಿ.

ಇನ್ನು ಕುಕ್ಕರ್ ಮುಚ್ಚಳ. ಮೊದಲು ರಬ್ಬರ್ ರಿಂಗ್ ತೆಗೆಯಿರಿ. ಎಷ್ಟೋ ಜನ ರಬ್ಬರ್ ಅಲ್ಲೇ ಬಿಟ್ಟು ಮೇಲಿಂದ ತಿಕ್ಕುತ್ತಾರೆ, ಕೊಳೆ ಇರುವುದು ಅದರ ಹಿಂದೆ. ಬೇಳೆ, ಅನ್ನದ ನೊರೆ ಉಕ್ಕಿ ಆ ಮಡಿಕೆಗೆ ನುಗ್ಗಿ, ಎಣ್ಣೆ ಸೇರಿ, ದಿನಾ ಕಾದು ಕಂದಾಗಿರುತ್ತದೆ. ಅಂದರೆ ನಿಮ್ಮದು ಬಹುಪಾಲು ಜಿಡ್ಡು, ಮೇಲೆ ಸ್ವಲ್ಪ ಸುಣ್ಣ. ಮುಚ್ಚಳ ಅಲ್ಯೂಮಿನಿಯಂ ಆದ್ದರಿಂದ ಸೋಡಾ ಇಲ್ಲಿಯೂ ಬೇಡ. ಹಳೆಯ ಬಟ್ಟೆಯ ಉದ್ದ ಪಟ್ಟಿ ಹರಿದು, ಲಿಕ್ವಿಡ್ ಬೆರೆಸಿದ ಬಿಸಿ ನೀರಲ್ಲಿ ಅದ್ದಿ, ರಬ್ಬರ್ ಕೂರುವ ಜಾಗದಲ್ಲೇ ಸುತ್ತಲೂ ತುರುಕಿ. ಮುಕ್ಕಾಲು ತಾಸು ಬಿಡಿ, ನಡುವೆ ಒಮ್ಮೆ ಬಿಸಿ ನೀರು ಚಿಮುಕಿಸಿ. ಇಡೀ ಮುಚ್ಚಳ ನೆನೆ ಹಾಕಿದರೆ ಹಿಡಿಕೆಯ ಒಳಗೆ ನೀರು ಕೂತು ಸ್ಕ್ರೂ ತುಕ್ಕು ಹಿಡಿಯುತ್ತದೆ, ಅದಕ್ಕೇ ಪಟ್ಟಿ. ಪಟ್ಟಿ ತೆಗೆದು ಬ್ರಷ್ ಆಡಿಸಿ. ಮೂಲೆಯಲ್ಲಿ ಉಳಿದದ್ದಕ್ಕೆ ಅಗರಬತ್ತಿ ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಎಳೆಯಿರಿ. ಚಾಕು, ಮೊಳೆ, ಸ್ಕ್ರೂಡ್ರೈವರ್ ಬೇಡ. ರಬ್ಬರ್ ಕೂರುವ ಕಡೆ ಒಂದು ಗೀರು ಬಿದ್ದರೂ ಹಬೆ ಅಲ್ಲಿಂದಲೇ ದಾರಿ ಮಾಡಿಕೊಳ್ಳುತ್ತದೆ. ಜಿಡ್ಡು ಹೋದ ಮೇಲೆ ಬಿಳಿ ಉಳಿದಿದ್ದರೆ ನಿಂಬೆ ಹೋಳಿನಿಂದ ಉಜ್ಜಿ ಐದು ನಿಮಿಷಕ್ಕೆ ತೊಳೆಯಿರಿ. ಒಳಗೆ ಸೇರುವ ಮುಚ್ಚಳದ ಕುಕ್ಕರ್ ಆಗಿದ್ದರೆ ಇದೇ ಕೆಲಸವನ್ನು ಕುಕ್ಕರಿನ ಬಾಯಿಯ ಒಳಮಡಿಕೆಗೂ ಮಾಡಬೇಕು.

ರಬ್ಬರನ್ನು ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ತೊಳೆದು ಒರೆಸಿದರೆ ಸಾಕು. ಬಾಗಿಸಿ ನೋಡಿ, ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಥವಾ ಮೆತ್ತಗಿಲ್ಲದೆ ಬಿರುಸಾಗಿದ್ದರೆ ತೊಳೆಯುವ ಶ್ರಮ ವ್ಯರ್ಥ, ಅದೇ ಕಂಪನಿಯ ಅದೇ ಅಳತೆಯ ಹೊಸ ರಬ್ಬರ್ ತನ್ನಿ. ಸೀಟಿ ಕೂರುವ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಗಡಸು ನೀರಿನ ಮನೆಗಳಲ್ಲಿ ಅದರೊಳಗೂ ಸುಣ್ಣ ಕಟ್ಟುತ್ತದೆ. ಆ ಕಡೆ ಬೆಳಕು ಗುಂಡಗೆ ಪೂರ್ತಿ ಕಾಣಬೇಕು. ಕಾಣದಿದ್ದರೆ ಪಿನ್ನಿನಿಂದ ಮೆಲ್ಲಗೆ ಬಿಡಿಸಿ ನೀರು ಹರಿಸಿ. ಪಕ್ಕದಲ್ಲಿರುವ ಸೇಫ್ಟಿ ವಾಲ್ವಿಗೆ ಮಾತ್ರ ಪಿನ್ ಚುಚ್ಚಬೇಡಿ. ಶಾಖ ಮಿತಿ ಮೀರಿದಾಗ ಕರಗಲೆಂದೇ ಅದರೊಳಗೆ ಬೇರೆ ಲೋಹ ಇಟ್ಟಿರುತ್ತಾರೆ. ಮೇಲಿಂದ ಒರೆಸಿದರೆ ಸಾಕು.

ಎಲ್ಲ ಜೋಡಿಸಿದ ಮೇಲೆ ಕುಕ್ಕರಿಗೆ ಎರಡು ಲೋಟ ನೀರು ಮಾತ್ರ ಹಾಕಿ, ಸೀಟಿ ಇಟ್ಟು ಒಲೆಯ ಮೇಲಿಡಿ. ಒಂದು ಸೀಟಿ ಬರುವವರೆಗೆ ಅಂಚಿನ ಸುತ್ತ ನೋಡುತ್ತಿರಿ, ಮುಖ ಹತ್ತಿರ ತರಬೇಡಿ. ಅಂಚಿನಿಂದ ಹನಿ ಅಥವಾ ಹಬೆ ಬಂದರೆ ಒಲೆ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ರಬ್ಬರ್ ತಿರುಚಿ ಕೂತಿದೆಯಾ ನೋಡಿ. ಸರಿಯಾಗಿ ಕೂತಿದ್ದೂ ಅದೇ ಜಾಗದಿಂದ ಮತ್ತೆ ಹಬೆ ಬಂದರೆ ರಬ್ಬರ್ ಬದಲಿಸಿ. ಹೊಸ ರಬ್ಬರಿಗೂ ನಿಲ್ಲದಿದ್ದರೆ ಮುಚ್ಚಳದ ಅಂಚೇ ಬಿದ್ದು ನೆಗ್ಗಿದೆ ಅಂತ ಅರ್ಥ. ಅದನ್ನು ಸುತ್ತಿಗೆಯಿಂದ ಬಡಿದು ಸರಿಮಾಡುವುದು ಬೇಡ, ಆ ಕಂಪನಿಯ ಸರ್ವಿಸ್ ಅಂಗಡಿಗೇ ಒಯ್ಯಿರಿ.